ಚಂಡೀಗಢ ಯಾರದು? ಎರಡು ರಾಜ್ಯಗಳ ಒಂದೇ ರಾಜಧಾನಿಯನ್ನು ನಡೆಸುವವರು ಯಾರು?

ತುಂಗಾತೀರ
ಹೈದರಾಬಾದ್ ಎರಡು ರಾಜ್ಯಗಳಿಗೂ ರಾಜಧಾನಿಯಾಗಿದ್ದ ಅವಧಿ 2024ರ ಜೂನ್ 2ಕ್ಕೆ ಮುಗಿಯಿತು. ಹತ್ತು ವರ್ಷ ಎಂದು ಕಾಯ್ದೆಯಲ್ಲೇ ಬರೆದಿದ್ದರು, ಹಾಗೆಯೇ ಮುಗಿಯಿತು. ಚಂಡೀಗಢದ ಕಥೆ ಮಾತ್ರ 1966ರ ನವೆಂಬರ್ 1ರಿಂದ ಹಾಗೆಯೇ ನಡೆದುಬಂದಿದೆ. ಪಂಜಾಬಿನ ಮುಖ್ಯಮಂತ್ರಿಯೂ ಅಲ್ಲಿ, ಹರಿಯಾಣದ ಮುಖ್ಯಮಂತ್ರಿಯೂ ಅಲ್ಲಿ. 2025ರ ನವೆಂಬರಿನಲ್ಲಿ, ರಾಷ್ಟ್ರಪತಿ ನೇರವಾಗಿ ನಿಯಮ ರೂಪಿಸಬಹುದಾದ ಪ್ರದೇಶಗಳನ್ನು ಹೆಸರಿಸುವ ಸಂವಿಧಾನದ 240ನೇ ವಿಧಿಗೆ ಚಂಡೀಗಢವನ್ನು ಸೇರಿಸುತ್ತಾರೆ ಎಂಬ ಸುದ್ದಿ ಬಂದು ಪಂಜಾಬಿನಲ್ಲಿ ದೊಡ್ಡ ಗದ್ದಲವಾಯಿತಲ್ಲ, ಆಗಿನಿಂದ ಈ ಪ್ರಶ್ನೆ ನನ್ನ ತಲೆಯಲ್ಲಿ ಕೊರೆಯುತ್ತಿದೆ.

ನನಗೆ ಬೇಕಾಗಿರುವುದು ರಾಜಕೀಯವಲ್ಲ, ದಿನನಿತ್ಯದ ಲೆಕ್ಕ. ಅಲ್ಲಿ ಬೀದಿದೀಪ ಕೆಟ್ಟರೆ ಜನ ಯಾರ ಬಾಗಿಲು ತಟ್ಟುತ್ತಾರೆ? ಮನೆಗೆ ಕಳ್ಳರು ನುಗ್ಗಿದರೆ ಬರುವ ಪೊಲೀಸರು ಯಾರ ಪೊಲೀಸರು? ಇಬ್ಬರು ಮುಖ್ಯಮಂತ್ರಿಗಳಲ್ಲಿ ಯಾರ ಮಾತು ಅಲ್ಲಿ ನಡೆಯುತ್ತದೆ? ಖರ್ಚು ಯಾರದು? ಬಲ್ಲವರು ತಿಳಿಸಿ.

ಕಡತಪ್ರಿಯ
ಇದು ಸರಳ. 60:40 ಲೆಕ್ಕ. 1966ರ ಪಂಜಾಬ್ ಪುನರ್‌ವಿಂಗಡಣಾ ಕಾಯ್ದೆಯಲ್ಲಿ ಆಸ್ತಿ, ಕಟ್ಟಡ, ಹುದ್ದೆ ಎಲ್ಲವನ್ನೂ ಪಂಜಾಬಿಗೆ ಅರವತ್ತು, ಹರಿಯಾಣಕ್ಕೆ ನಲವತ್ತು ಎಂದು ಹಂಚಿದ್ದಾರೆ. ಅದರ ಪ್ರಕಾರ ಇಬ್ಬರೂ ಸೇರಿ ಊರನ್ನು ನಡೆಸುತ್ತಾರೆ, ಖರ್ಚನ್ನೂ ಅದೇ ಲೆಕ್ಕದಲ್ಲಿ ಹಾಕಿಕೊಳ್ಳುತ್ತಾರೆ. ಪಂಜಾಬಿನ ರಾಜ್ಯಪಾಲರೇ ಚಂಡೀಗಢದ ಆಡಳಿತಾಧಿಕಾರಿ. ಆದ್ದರಿಂದ ಕೊನೆಯ ಮಾತು ಪಂಜಾಬ್ ಸರ್ಕಾರದ್ದು.

ಮಲಪ್ರಭಾ
ನಮ್ಮಲ್ಲೂ ಇದೆಯಲ್ಲ. ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಕಟ್ಟಿ 2012ರಲ್ಲಿ ಉದ್ಘಾಟನೆ ಮಾಡಿದರು. ಚಳಿಗಾಲದ ಅಧಿವೇಶನ ಬಂದಾಗ ಹತ್ತು ದಿನ ಊರು ತುಂಬುತ್ತದೆ, ಆಮೇಲೆ ಕಟ್ಟಡ ಖಾಲಿ. ಕಚೇರಿಗಳನ್ನು ಸ್ಥಳಾಂತರಿಸಿ ಎಂದು ನಾವು ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ. ಎರಡು ರಾಜಧಾನಿ ಎಂದ ಮೇಲೆ ಎರಡೂ ಕಡೆ ಕೆಲಸ ನಡೆಯಬೇಕು.

ತುಂಗಾತೀರ
ಮಲಪ್ರಭಾ ಅವರೇ, ನಿಮ್ಮ ಬೇಡಿಕೆ ನ್ಯಾಯವಾದದ್ದೇ. ಆದರೆ ಅದು ಒಂದು ರಾಜ್ಯಕ್ಕೆ ಎರಡು ಊರು. ನಾನು ಕೇಳುತ್ತಿರುವುದು ಎರಡು ರಾಜ್ಯಕ್ಕೆ ಒಂದೇ ಊರು ಇದ್ದಾಗ ಏನಾಗುತ್ತದೆ ಎಂದು.

ಉತ್ತರಮುಖಿ
ನಾನು ಕೇಂದ್ರ ಸರ್ಕಾರದ ಲೆಕ್ಕಪತ್ರ ವಿಭಾಗದಲ್ಲಿದ್ದವನು. ಹನ್ನೊಂದು ವರ್ಷ ಚಂಡೀಗಢದ 22ನೇ ಸೆಕ್ಟರಿನಲ್ಲಿ ಮನೆ ಮಾಡಿದ್ದೆ. ಕಡತಪ್ರಿಯ ಅವರು ಹೇಳಿದ್ದರಲ್ಲಿ ಅರ್ಧ ಸರಿ. ಆದರೆ ಉಳಿದರ್ಧ ತಪ್ಪಾಗಿರುವುದರಿಂದ ಇಡೀ ಚಿತ್ರವೇ ತಲೆಕೆಳಗಾಗುತ್ತದೆ.

ಮೊದಲ ಮಾತು: ಚಂಡೀಗಢವನ್ನು ಪಂಜಾಬೂ ನಡೆಸುವುದಿಲ್ಲ, ಹರಿಯಾಣವೂ ನಡೆಸುವುದಿಲ್ಲ. 1966ರ ಕಾಯ್ದೆಯ 4ನೇ ಕಲಮು ಅದನ್ನು ಕೇಂದ್ರಾಡಳಿತ ಪ್ರದೇಶ ಮಾಡಿತು. ಸುಮಾರು 114 ಚದರ ಕಿಲೋಮೀಟರಿನ ಆ ಜಾಗ ಎರಡು ರಾಜ್ಯಗಳಲ್ಲಿ ಯಾವುದರ ಭೂಪಟದಲ್ಲೂ ಇಲ್ಲ. ಅದರ ಆಯವ್ಯಯ ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿ ಬರುತ್ತದೆ, ಈಚಿನ ವರ್ಷಗಳಲ್ಲಿ ಆರು ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ರಸ್ತೆಗೆ, ಆಸ್ಪತ್ರೆಗೆ, ಶಾಲೆಗೆ ಯಾವ ರಾಜ್ಯವೂ ಅರವತ್ತು ನಲವತ್ತು ಎಂದು ದುಡ್ಡು ಹಾಕುವುದಿಲ್ಲ.

ಎರಡನೆಯದು ರಾಜ್ಯಪಾಲರ ವಿಷಯ. ಮೊದಲ ಹದಿನೇಳೂವರೆ ವರ್ಷ ಅಲ್ಲಿ ದೆಹಲಿಯಿಂದ ಬಂದ ಮುಖ್ಯ ಆಯುಕ್ತರು ಇದ್ದರು. 1984ರ ಜೂನ್ 1ರಿಂದ ಪಂಜಾಬಿನ ರಾಜ್ಯಪಾಲರನ್ನೇ ಆಡಳಿತಾಧಿಕಾರಿ ಮಾಡಿದರು. ಆ ದಿನಾಂಕ ನೋಡಿದರೆ ಸಾಕು, ಪಂಜಾಬ್ ಹೊತ್ತಿ ಉರಿಯುತ್ತಿದ್ದ ಹೊತ್ತು ಅದು, ಎರಡೂ ಕಡೆಯ ಭದ್ರತೆ ಒಂದೇ ಕೈಯಲ್ಲಿರಲಿ ಎಂದು ಮಾಡಿದ ವ್ಯವಸ್ಥೆ. ಆದರೆ ಆ ಕುರ್ಚಿಯಲ್ಲಿ ಕೂತಾಗ ಅವರು ಪಂಜಾಬ್ ಸಂಪುಟದ ಸಲಹೆಯಂತೆ ನಡೆಯಬೇಕಾಗಿಲ್ಲ. ರಾಜ್ಯಪಾಲರೊಬ್ಬರಿಗೆ ಪಕ್ಕದ ಕೇಂದ್ರಾಡಳಿತ ಪ್ರದೇಶದ ಹೊಣೆ ಕೊಟ್ಟರೆ ಅದನ್ನು ಅವರು ತಮ್ಮ ಮಂತ್ರಿಮಂಡಲದಿಂದ ಸ್ವತಂತ್ರವಾಗಿ ನಿಭಾಯಿಸಬೇಕು ಎಂದು ಸಂವಿಧಾನದ 239ನೇ ವಿಧಿಯ ಎರಡನೇ ಉಪವಿಧಿಯೇ ಹೇಳುತ್ತದೆ. ಒಬ್ಬರೇ ಮನುಷ್ಯ, ಆದರೆ ಪಂಜಾಬಿನ ಕಡತಕ್ಕೆ ಸಹಿ ಹಾಕುವಾಗ ಚಂಡೀಗಢದ ಮುಖ್ಯಮಂತ್ರಿಯ ಮಾತು ಕೇಳಬೇಕು, ನಗರದ ಕಡತಕ್ಕೆ ಸಹಿ ಹಾಕುವಾಗ ದೆಹಲಿಯ ಮಾತು. ಇಲ್ಲಿ ‘ಚಂಡೀಗಢದ ಮುಖ್ಯಮಂತ್ರಿ’ ಎಂದು ಬರೆದೆ, ಕ್ಷಮಿಸಿ, ಪಂಜಾಬಿನ ಮುಖ್ಯಮಂತ್ರಿ ಎಂದು ಓದಿಕೊಳ್ಳಿ. ಚಂಡೀಗಢಕ್ಕೆ ಮುಖ್ಯಮಂತ್ರಿಯೇ ಇಲ್ಲ.

ಮೂರನೆಯದಾಗಿ, ಆ ಆಡಳಿತಾಧಿಕಾರಿಯ ಕೆಳಗೆ ದಿನದ ಕೆಲಸ ನೋಡಿಕೊಳ್ಳುವ ಹಿರಿಯ ಐಎಎಸ್ ಅಧಿಕಾರಿಯನ್ನು ಬಹುಕಾಲ ‘ಸಲಹೆಗಾರ’ ಎನ್ನುತ್ತಿದ್ದರು. 2025ರ ಜನವರಿಯಲ್ಲಿ ಆ ಹುದ್ದೆಯನ್ನು ಮುಖ್ಯ ಕಾರ್ಯದರ್ಶಿ ಎಂದು ಬದಲಿಸಿದರು. ಆ ಅಧಿಕಾರಿ ಬರುವುದು ಪಂಜಾಬಿನಿಂದಲೂ ಅಲ್ಲ, ಹರಿಯಾಣದಿಂದಲೂ ಅಲ್ಲ, ಕೇಂದ್ರಾಡಳಿತ ಪ್ರದೇಶಗಳ ಕೇಡರಿನಿಂದ.

ಕಡತಪ್ರಿಯ
ತಿದ್ದಿದ್ದಕ್ಕೆ ಧನ್ಯವಾದ ಸರ್. ಆದರೆ 60:40 ಎಂಬುದು ನಾನು ಕಂಡ ಕನಸಲ್ಲವಲ್ಲ. ಪತ್ರಿಕೆಗಳಲ್ಲಿ ಪ್ರತಿ ಬಾರಿಯೂ ಬರುತ್ತದೆ.

ಉತ್ತರಮುಖಿ
ಕನಸಲ್ಲ. ಅದು ಹುದ್ದೆಗಳ ಮತ್ತು ಕಟ್ಟಡಗಳ ಲೆಕ್ಕ. ಅಧಿಕಾರದ ಲೆಕ್ಕ ಅಲ್ಲ. ನಗರದ ಆಡಳಿತಕ್ಕೆ ಬೇಕಾದ ಅಧಿಕಾರಿಗಳನ್ನು ಎರಡು ರಾಜ್ಯಗಳಿಂದ ನಿಯೋಜನೆಯ ಮೇಲೆ ಕರೆಸಿಕೊಳ್ಳುವಾಗ ಪಂಜಾಬಿಗೆ ಅರವತ್ತು, ಹರಿಯಾಣಕ್ಕೆ ನಲವತ್ತು ಎಂಬ ಒಪ್ಪಂದ ರಾಜ್ಯ ಒಡೆದಾಗಿನಿಂದ ನಡೆದುಬಂದಿದೆ. ಅದರೊಳಗೆ ಇನ್ನೊಂದು ರೂಢಿ ಇದೆ. ಜಿಲ್ಲಾಧಿಕಾರಿ ಹರಿಯಾಣ ಕೇಡರಿನವರು. ಹಿರಿಯ ಪೊಲೀಸ್ ಸೂಪರಿಂಟೆಂಡೆಂಟ್, ಅಲ್ಲಿ ಎಲ್ಲರೂ ಎಸ್‌ಎಸ್‌ಪಿ ಎನ್ನುತ್ತಾರೆ, ಪಂಜಾಬ್ ಕೇಡರಿನವರು. ಸಂಚಾರ ವಿಭಾಗದ ಎಸ್‌ಎಸ್‌ಪಿ ಮತ್ತೆ ಹರಿಯಾಣದವರು. ಗೃಹ ಕಾರ್ಯದರ್ಶಿ ಹರಿಯಾಣಕ್ಕೆ, ಹಣಕಾಸು ಕಾರ್ಯದರ್ಶಿ ಪಂಜಾಬಿಗೆ. ಒಂದು ಕಡೆ ಕಂದಾಯ ಮತ್ತು ನಿವೇಶನ, ಇನ್ನೊಂದು ಕಡೆ ಲಾಠಿ. ಇಬ್ಬರಲ್ಲಿ ಯಾರೊಬ್ಬರ ಕೈಯೂ ಪೂರ್ತಿ ಮೇಲಾಗದಂತೆ ನೇಯ್ದ ನೇಯ್ಗೆ ಅದು.

ಇಷ್ಟೆಲ್ಲ ಇದ್ದರೂ ಕಾಯ್ದೆಯ 4ನೇ ಕಲಮಿನಲ್ಲಿ ಈ ಲೆಕ್ಕದ ಒಂದು ಅಕ್ಷರವೂ ಇಲ್ಲ. ಬರೆಯದ ರೂಢಿಗೆ ಇರುವ ಬಲ ಎಷ್ಟು ಎಂಬುದು ಅದು ಮುರಿದಾಗಲೇ ಗೊತ್ತಾಗುವುದು.

ತುಂಗಾತೀರ
ಮುರಿದದ್ದು ಯಾವಾಗ? ಒಂದು ಪ್ರಸಂಗ ಹೇಳಿ ಸರ್, ಆಗ ಅರ್ಥವಾಗುತ್ತದೆ.

ಉತ್ತರಮುಖಿ
2022ರ ಡಿಸೆಂಬರ್. ಆಗ ಎಸ್‌ಎಸ್‌ಪಿ ಆಗಿದ್ದವರು ರೂಢಿಯಂತೆ ಪಂಜಾಬ್ ಕೇಡರಿನ ಅಧಿಕಾರಿ. ಮೂರು ವರ್ಷದ ನಿಯೋಜನೆ, ಮುಗಿಯಲು ಇನ್ನೂ ಸುಮಾರು ಹತ್ತು ತಿಂಗಳು ಇತ್ತು. ಒಂದು ದಿನ ಇದ್ದಕ್ಕಿದ್ದಂತೆ ಅವರನ್ನು ಮಾತೃ ಕೇಡರಿಗೆ ವಾಪಸ್ ಕಳಿಸಿದರು. ಹೊಸಬರು ಬರುವ ತನಕ ಪ್ರಭಾರವನ್ನು ಸಂಚಾರ ವಿಭಾಗದ ಎಸ್‌ಎಸ್‌ಪಿಗೆ ಕೊಟ್ಟರು. ಆ ಅಧಿಕಾರಿ ಹರಿಯಾಣ ಕೇಡರ್.

ಹೊರಗಿನಿಂದ ನೋಡುವವರಿಗೆ ಇದು ಒಂದು ವರ್ಗಾವಣೆ ಮತ್ತು ಕೆಲವು ವಾರಗಳ ತಾತ್ಕಾಲಿಕ ಪ್ರಭಾರ. ಪಂಜಾಬಿಗೆ ಅದು ತನ್ನ ಪಾಲಿನ ಕುರ್ಚಿಯಲ್ಲಿ ಬೇರೆಯವರು ಕೂತಂತೆ. ಮುಖ್ಯಮಂತ್ರಿ ಭಗವಂತ ಮಾನ್ ಅವರು ರಾಜ್ಯಪಾಲರಾಗಿದ್ದ ಬನ್ವಾರಿಲಾಲ್ ಪುರೋಹಿತ್ ಅವರಿಗೆ ಕೂಡಲೇ ಪತ್ರ ಬರೆದು, ಇದರಿಂದ ಎರಡು ರಾಜ್ಯಗಳ ನಡುವಿನ ಸಮತೋಲನ ತಪ್ಪುತ್ತದೆ ಎಂದು ಆಕ್ಷೇಪಿಸಿದರು. ಪತ್ರಕ್ಕೆ ಪತ್ರ, ಉತ್ತರಕ್ಕೆ ಉತ್ತರ, ಎಲ್ಲವೂ ಪತ್ರಿಕೆಯಲ್ಲಿ. ಒಂದು ವಿಷಯ ಗಮನಿಸಿ: ಮುಖ್ಯಮಂತ್ರಿ ಪತ್ರ ಬರೆದು ಕೇಳಬಹುದಾಗಿತ್ತು ಅಷ್ಟೆ, ಆದೇಶ ರದ್ದು ಮಾಡಲು ಸಾಧ್ಯವಿರಲಿಲ್ಲ. ತನ್ನದೇ ರಾಜಧಾನಿಯ ಎಸ್‌ಎಸ್‌ಪಿಯ ಮೇಲೆ ಅವರಿಗೆ ಅಧಿಕಾರವಿಲ್ಲ.

ಕ್ರಮ ಹೀಗಿದೆ. ಪಂಜಾಬ್ ಸರ್ಕಾರ ಮೂವರು ಐಪಿಎಸ್ ಅಧಿಕಾರಿಗಳ ಪಟ್ಟಿ ಕಳಿಸಬೇಕು. ಅದರಲ್ಲಿ ಒಬ್ಬರನ್ನು ಚಂಡೀಗಢ ಆಡಳಿತ ಆರಿಸುತ್ತದೆ, ಗೃಹ ಸಚಿವಾಲಯದ ಒಪ್ಪಿಗೆ ಬೇಕು. ಪಟ್ಟಿ ಹೋಯಿತು, ಆಯ್ಕೆಯಾಯಿತು, 2023ರ ಮಾರ್ಚ್‌ನಲ್ಲಿ ಪಂಜಾಬ್ ಕೇಡರಿನ ಮಹಿಳಾ ಅಧಿಕಾರಿಯೊಬ್ಬರು ಬಂದು ಅಧಿಕಾರ ವಹಿಸಿಕೊಂಡರು. ರೂಢಿ ಉಳಿಯಿತು. ಆದರೆ ಪಾಲಿನ ಅರ್ಥ ಏನು ಎಂಬುದೂ ಆ ಮೂರು ತಿಂಗಳಲ್ಲಿ ಸ್ಪಷ್ಟವಾಯಿತು. ರಾಜ್ಯಗಳಿಗೆ ಇರುವುದು ಹೆಸರು ಕಳಿಸುವ ಪಾಲು. ಆರಿಸುವುದು, ಇಟ್ಟುಕೊಳ್ಳುವುದು, ವಾಪಸ್ ಕಳಿಸುವುದು ಕೇಂದ್ರದ ಕೆಲಸ.

ಗೋಲ್ಕೊಂಡದ ನೆರೆ
ಮೊದಲ ಪ್ರಶ್ನೆಯಲ್ಲಿ ಹೈದರಾಬಾದಿನ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಇಲ್ಲೇ ಮೆಹದಿಪಟ್ಟಣದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. 2014ರ ಆಂಧ್ರಪ್ರದೇಶ ಪುನರ್‌ವಿಂಗಡಣಾ ಕಾಯ್ದೆಯ 5ನೇ ಕಲಮು ಹೈದರಾಬಾದನ್ನು ‘ಹತ್ತು ವರ್ಷ ಮೀರದಂತೆ’ ಜಂಟಿ ರಾಜಧಾನಿ ಎಂದಿತು. ಆದರೆ ಊರು ಮೊದಲ ದಿನದಿಂದಲೇ ತೆಲಂಗಾಣದ್ದು. ಪಾಲಿಕೆ ತೆಲಂಗಾಣದ್ದು, ಪೊಲೀಸ್ ತೆಲಂಗಾಣದ್ದು, ತೆರಿಗೆ ತೆಲಂಗಾಣದ್ದು. ಆಂಧ್ರಕ್ಕೆ ಸಿಕ್ಕಿದ್ದು ಸಚಿವಾಲಯದ ಕೆಲವು ಬ್ಲಾಕುಗಳು, ವಿಧಾನಸಭೆಗೆ ಜಾಗ, ಅಧಿಕಾರಿಗಳಿಗೆ ಕಚೇರಿ. ಮನೆಯ ಯಜಮಾನ ಒಬ್ಬ, ಅವಧಿ ಹಾಕಿಕೊಂಡು ಕೂತ ಬಾಡಿಗೆದಾರ ಇನ್ನೊಬ್ಬ.

ಬಾಡಿಗೆದಾರನಿಗೆ ಭಯವಾಗಬಾರದೆಂದು 8ನೇ ಕಲಮು ಹಾಕಿದ್ದರು. ಜಂಟಿ ರಾಜಧಾನಿಯಲ್ಲಿ ವಾಸಿಸುವ ಎಲ್ಲರ ಜೀವ, ಸ್ವಾತಂತ್ರ್ಯ, ಆಸ್ತಿಗಳ ರಕ್ಷಣೆ ರಾಜ್ಯಪಾಲರ ವಿಶೇಷ ಹೊಣೆ ಎಂದು. 2015ರಲ್ಲಿ, ಶಾಸಕರೊಬ್ಬರ ಮತಕ್ಕೆ ಹಣ ಕೊಟ್ಟ ಆರೋಪದ ‘ಮತಕ್ಕಾಗಿ ನೋಟು’ ಪ್ರಕರಣದ ಹೊತ್ತಿನಲ್ಲಿ, ಆಂಧ್ರ ಸರ್ಕಾರ ಆ ಕಲಮನ್ನು ಜಾರಿಗೆ ತನ್ನಿ ಎಂದು ಒತ್ತಾಯಿಸಿತು. ತೆಲಂಗಾಣ ಒಪ್ಪಲಿಲ್ಲ. ಆಮೇಲೆ ಆಂಧ್ರದವರು ಕಾಯಲೇ ಇಲ್ಲ, 2016ರಲ್ಲಿ ಅಮರಾವತಿಯ ವೆಲಗಪೂಡಿಯಲ್ಲಿ ತಾತ್ಕಾಲಿಕ ಸಚಿವಾಲಯ ಕಟ್ಟಿಕೊಂಡು ಹೊರಟರು. 2019ರ ಜನವರಿ 1ರಂದು ಹೈಕೋರ್ಟ್ ಕೂಡ ಎರಡಾಯಿತು. ಅಂದರೆ ಕಾಗದದ ಮೇಲೆ ಹತ್ತು ವರ್ಷ, ನಿಜವಾಗಿ ಎರಡು ಮೂರು ವರ್ಷದ ಮಾತು. ನನ್ನ ಪಕ್ಕದ ಮನೆಯವರು ಆಂಧ್ರ ಸಚಿವಾಲಯದ ನೌಕರರು. ಮಕ್ಕಳ ಶಾಲೆ ಇಲ್ಲಿ, ಕೆಲಸ ಅಲ್ಲಿ. ವಾರದ ಕೊನೆಗೆ ರೈಲಿನಲ್ಲಿ ಬರುತ್ತಿದ್ದರು. ಆ ಸಂಸಾರ ಪಟ್ಟ ಕಷ್ಟ ನೋಡಿದವನು ನಾನು.

ತುಂಗಾತೀರ
ಹಾಗಾದರೆ ಹೈದರಾಬಾದಿನಲ್ಲಿ ಒಬ್ಬ ಯಜಮಾನ, ಒಬ್ಬ ಬಾಡಿಗೆದಾರ. ಚಂಡೀಗಢದಲ್ಲಿ ಇಬ್ಬರೂ ಬಾಡಿಗೆದಾರರು, ಯಜಮಾನ ದೆಹಲಿಯಲ್ಲಿ. ನಾನು ತಿಳಿದುಕೊಂಡದ್ದು ಸರಿಯೇ?

ಉತ್ತರಮುಖಿ
ಹೆಚ್ಚುಕಡಿಮೆ ಸರಿ. ಆದರೆ ಪಂಜಾಬಿನವರ ಮುಂದೆ ಈ ಮಾತು ಆಡಿದರೆ ಅವರಿಗೆ ನೋವಾಗುತ್ತದೆ. ಲಾಹೋರ್ ಪಾಕಿಸ್ತಾನಕ್ಕೆ ಹೋದ ಮೇಲೆ ಪಂಜಾಬಿಗೆಂದೇ ಕಟ್ಟಿದ ಊರು ಅದು. ಹಳ್ಳಿಗಳನ್ನು ಎಬ್ಬಿಸಿ ಜಾಗ ಮಾಡಿದ್ದು. ಮನೆ ತಮಗಾಗಿ ಕಟ್ಟಿದ್ದು, ಬಾಡಿಗೆದಾರರ ಪಟ್ಟಿಯಲ್ಲಿ ತಮ್ಮ ಹೆಸರು ಹೇಗೆ ಬಂತು ಎಂಬುದು ಅವರ ಪ್ರಶ್ನೆ.

ನೇರಮಾತು
ಅದೇ ನನ್ನ ಪ್ರಶ್ನೆಯೂ. ಪಂಜಾಬಿಗೆ ಕೊಟ್ಟುಬಿಡುತ್ತೇವೆಂದು ಕೇಂದ್ರವೇ ಎರಡು ಬಾರಿ ಹೇಳಿದೆ. 1970ರ ಜನವರಿಯಲ್ಲಿ ಇಂದಿರಾ ಗಾಂಧಿ ಸರ್ಕಾರ ಘೋಷಿಸಿತು. 1985ರ ಜುಲೈ 24ರ ರಾಜೀವ್–ಲೋಂಗೋವಾಲ್ ಒಪ್ಪಂದದಲ್ಲಿ ದಿನಾಂಕವನ್ನೇ ಬರೆದರು, 1986ರ ಜನವರಿ 26 ಎಂದು. ಸಹಿ ಹಾಕಿದ ಒಂದು ತಿಂಗಳೊಳಗೆ ಅಕಾಲಿ ದಳದ ನಾಯಕ ಲೋಂಗೋವಾಲರು ಕೊಲೆಯಾದರು. ಆ ಗಣರಾಜ್ಯೋತ್ಸವ ಬಂತು, ಹೋಯಿತು, ಊರು ಕೈಬದಲಾಗಲಿಲ್ಲ. ಕೊಟ್ಟ ಮಾತಿಗೆ ಬೆಲೆ ಬೇಡವೇ? ಪಂಜಾಬಿಗೆ ಕೊಟ್ಟು ಹರಿಯಾಣಕ್ಕೆ ಹೊಸ ರಾಜಧಾನಿ ಕಟ್ಟಿಕೊಡಲಿ.

ಉತ್ತರಮುಖಿ
ಮಾತು ಕೊಟ್ಟದ್ದು ನಿಜ, ನಿಮ್ಮ ಸಿಟ್ಟೂ ನ್ಯಾಯವೇ. ಆದರೆ ಎರಡೂ ಬಾರಿ ಅದು ಬರೀ ‘ಕೊಡುತ್ತೇವೆ’ ಆಗಿರಲಿಲ್ಲ, ‘ಬದಲಿಗೆ ಕೊಡಿ’ ಎಂಬುದೂ ಇತ್ತು. 1970ರಲ್ಲಿ ಚಂಡೀಗಢಕ್ಕೆ ಬದಲಾಗಿ ಫಾಜಿಲ್ಕಾ, ಅಬೋಹರ್ ಕಡೆಯ ಹಿಂದಿ ಮಾತನಾಡುವ ಹಳ್ಳಿಗಳು ಹರಿಯಾಣಕ್ಕೆ ಹೋಗಬೇಕಿತ್ತು. ಪಂಜಾಬ್ ಒಪ್ಪಲಿಲ್ಲ. 1985ರಲ್ಲಿ ಯಾವ ಹಳ್ಳಿಗಳು ಎಂದು ಹೇಳಲು ಮ್ಯಾಥ್ಯೂ ಆಯೋಗ ಕೂತಿತು. ಹರಿಯಾಣದ ಗಡಿಗೂ ಆ ಹಳ್ಳಿಗಳಿಗೂ ನಡುವೆ ಕಂಡೂಖೇಡಾ ಎಂಬ ಒಂದೇ ಒಂದು ಹಳ್ಳಿ ಇತ್ತು. ಅಲ್ಲಿ ಭಾಷಾ ಗಣತಿ ನಡೆಸಿದರು. ಜನ ಪಂಜಾಬಿ ಎಂದು ಬರೆಸಿದರು. ಆ ಹಳ್ಳಿ ಪಂಜಾಬಿನಲ್ಲೇ ಉಳಿದರೆ ಅದರಾಚೆಯ ಹಳ್ಳಿಗಳು ಹರಿಯಾಣಕ್ಕೆ ಅಂಟಿಕೊಳ್ಳುವುದಿಲ್ಲ, ಆದ್ದರಿಂದ ಕೊಡುವಂತಿಲ್ಲ ಎಂದಿತು ಆಯೋಗ. ಬದಲಿ ಸಿಗದೆ ಮೂಲವೂ ನಿಂತಿತು. ಒಂದು ಸಣ್ಣ ಹಳ್ಳಿಯ ಗಣತಿಯ ಮೇಲೆ ದೇಶದ ಒಂದು ದೊಡ್ಡ ಒಪ್ಪಂದ ನಿಂತುಹೋದದ್ದನ್ನು ನೆನೆದರೆ ಇಂದಿಗೂ ಮನಸ್ಸಿಗೆ ಒಂಥರಾ ಆಗುತ್ತದೆ.

ವಾಯುನೆಲೆ
ನನ್ನ ಯಜಮಾನರು ವಾಯುಪಡೆಯಲ್ಲಿದ್ದರು. ನಾವು ಅಲ್ಲಿ ಐದು ವರ್ಷ ಇದ್ದೆವು. ನನ್ನ ಮಗಳ ವಿಷಯ ಹೇಳುತ್ತೇನೆ. ವಸತಿಗೃಹ ತಡವಾಗಿ ಸಿಕ್ಕಿದ್ದರಿಂದ ಮೊದಲು ಮೊಹಾಲಿ ಕಡೆ ಬಾಡಿಗೆ ಮನೆ ಮಾಡಿದ್ದೆವು, ಅವಳನ್ನು ಅಲ್ಲಿನ ಶಾಲೆಗೇ ಸೇರಿಸಿದೆವು. ಆಮೇಲೆ ಚಂಡೀಗಢದೊಳಗೆ ಮನೆ ಬಂದರೂ ಶಾಲೆ ಬದಲಿಸಲಿಲ್ಲ. ನಡುವೆ ಒಂದು ರಸ್ತೆ ಅಷ್ಟೇ, ಈ ಬದಿ ಚಂಡೀಗಢ, ಆ ಬದಿ ಪಂಜಾಬ್. ಹನ್ನೆರಡನೆಯ ತರಗತಿ ಮುಗಿಸಿ ಚಂಡೀಗಢದ ಕಾಲೇಜೊಂದಕ್ಕೆ ಅರ್ಜಿ ಹಾಕಿದಾಗ, ನಿಮ್ಮದು ಚಂಡೀಗಢದ ಶಾಲೆ ಅಲ್ಲ, ಆದ್ದರಿಂದ ನಗರದ ಮಕ್ಕಳಿಗಿರುವ ಸೀಟುಗಳು ನಿಮಗೆ ಸಿಗುವುದಿಲ್ಲ ಎಂದರು. ಮನೆ ಅಲ್ಲೇ ಇದೆ ಎಂದರೂ ಕೇಳಲಿಲ್ಲ. ರಾಜಧಾನಿ ಪಂಜಾಬಿನದೇ ತಾನೇ, ಪಂಜಾಬಿನ ಶಾಲೆಯಲ್ಲಿ ಓದಿದವಳು ಹೊರಗಿನವಳು ಹೇಗಾದಳು ಎಂದು ಕಿಟಕಿಯ ಮುಂದೆ ನಿಂತು ನಾನು ವಾದಿಸಿದ್ದು ನೆನಪಿದೆ. ಅವಳು ಕೊನೆಗೆ ಮೈಸೂರಿಗೆ ಬಂದು ಓದಿದಳು.

ನನ್ನ ಪ್ರಶ್ನೆ, ಅವರು ಮಾಡಿದ್ದು ಸರಿಯೇ?

ಉತ್ತರಮುಖಿ
ಮೇಡಂ, ನಿಯಮದ ಪ್ರಕಾರ ಸರಿ. ಅಲ್ಲಿನ ಹಲವು ಕಾಲೇಜುಗಳಲ್ಲಿ ನಗರದ ಕೋಟಾ ಎಂದರೆ ವಾಸದ ಮೇಲೆ ಅಲ್ಲ, ಚಂಡೀಗಢದೊಳಗಿನ ಶಾಲೆಯಿಂದ ಪರೀಕ್ಷೆ ಪಾಸಾದದ್ದರ ಮೇಲೆ. ನಿಮ್ಮಂತೆ ಗಡಿಯ ಆಚೆ ಈಚೆ ಬದುಕುವ ಕುಟುಂಬಗಳು ಸಾವಿರಾರು. ಮೊಹಾಲಿ ಪಂಜಾಬಿನದು, ಪಂಚಕುಲಾ ಹರಿಯಾಣದ್ದು, ನಡುವೆ ಚಂಡೀಗಢ. ಕಣ್ಣಿಗೆ ಒಂದೇ ಊರು. ಕಾನೂನು ಮೂರು. ಜಂಟಿ ರಾಜಧಾನಿ ಎಂದರೆ ಸರ್ಕಾರಗಳು ಅಲ್ಲಿ ಕೂರುತ್ತವೆ ಎಂದಷ್ಟೇ ಅರ್ಥ. ಆ ರಾಜ್ಯಗಳ ಪ್ರಜೆಗಳು ಆ ಊರಿನ ಪ್ರಜೆಗಳಾಗುವುದಿಲ್ಲ.

ತುಂಗಾತೀರ
ಕೂರುವುದು ಎಂದರೆ ಹೇಗೆ ಸರ್? ಒಂದೇ ವಿಧಾನಸಭೆಯಲ್ಲಿ ಪಾಳಿಯ ಮೇಲೆ ಕೂರುತ್ತಾರೆಯೇ?

ಉತ್ತರಮುಖಿ
ಇಲ್ಲ, ಒಂದೇ ಕಟ್ಟಡ, ಎರಡು ಸಭಾಂಗಣ. ಲ ಕಾರ್ಬೂಸಿಯೆ ವಿನ್ಯಾಸ ಮಾಡಿದ ಕಟ್ಟಡ ಅದು. ಮೇಲೆ ಎರಡು ಆಕಾರಗಳು ಎದ್ದುಕಾಣುತ್ತವೆ. ಒಂದು ಸೊಂಟ ಸಣ್ಣಗಿರುವ ದೊಡ್ಡ ಗೋಪುರ, ವಿದ್ಯುತ್ ಸ್ಥಾವರದ ತಂಪುಗೋಪುರದಂತೆ. ಇನ್ನೊಂದು ಪಿರಮಿಡ್. ಗೋಪುರದ ಕೆಳಗಿನ ದೊಡ್ಡ ಸಭಾಂಗಣ ಅವಿಭಜಿತ ಪಂಜಾಬಿನ ವಿಧಾನಸಭೆಗೆ, ಪಿರಮಿಡ್ಡಿನ ಕೆಳಗಿನ ಚಿಕ್ಕದು ವಿಧಾನಪರಿಷತ್ತಿಗೆ ಎಂದು ಕಟ್ಟಿದ್ದರು. ರಾಜ್ಯ ಒಡೆದಾಗ ದೊಡ್ಡದು ಪಂಜಾಬಿಗೆ ಉಳಿಯಿತು, ಚಿಕ್ಕದು ಹರಿಯಾಣಕ್ಕೆ ಬಂತು. ಪಂಜಾಬಿನ ಶಾಸಕರು 117, ಹರಿಯಾಣದವರು 90. ಮೇಲ್ಮನೆಗೆಂದು ಅಳೆದ ಕೋಣೆಯಲ್ಲಿ ಹರಿಯಾಣದ ಇಡೀ ವಿಧಾನಸಭೆ ಕೂರುತ್ತದೆ. ಕ್ಷೇತ್ರಗಳ ಮರುವಿಂಗಡಣೆಯಾಗಿ ಶಾಸಕರ ಸಂಖ್ಯೆ ಹೆಚ್ಚಿದರೆ ಕುರ್ಚಿ ಹಾಕಲು ಜಾಗವಿಲ್ಲ. ಗೋಡೆ ಒಡೆದು ದೊಡ್ಡದು ಮಾಡೋಣವೆಂದರೆ 2016ರಿಂದ ಆ ಇಡೀ ಸಂಕೀರ್ಣ ಯುನೆಸ್ಕೊ ವಿಶ್ವ ಪಾರಂಪರಿಕ ತಾಣ, ಕೈಹಚ್ಚುವಂತಿಲ್ಲ.

ಇದರ ಮೇಲೆ ಕೋಣೆಗಳ ಜಗಳ. ತಮ್ಮ ಪಾಲಿನ ಇಪ್ಪತ್ತು ಕೋಣೆಗಳು ಇನ್ನೂ ಪಂಜಾಬಿನ ಕೈಯಲ್ಲಿವೆ ಎಂದು ಹರಿಯಾಣದ ಸಭಾಧ್ಯಕ್ಷರು ಬಹಿರಂಗವಾಗಿಯೇ ದೂರಿದ್ದಾರೆ. ಹರಿಯಾಣ ಪಂಚಕುಲಾ ಬದಿಯ 12 ಎಕರೆ ಕೊಟ್ಟು ಚಂಡೀಗಢದೊಳಗೆ 10 ಎಕರೆ ಪಡೆದು ಬೇರೆ ವಿಧಾನಸಭೆ ಕಟ್ಟಿಕೊಳ್ಳುವ ಪ್ರಸ್ತಾಪ ತಂದಾಗ ಪಂಜಾಬಿನ ಎಲ್ಲ ಪಕ್ಷಗಳೂ ಎದ್ದು ನಿಂತವು. ಹತ್ತು ಎಕರೆಯ ಬೆಲೆಗಲ್ಲ ಆ ವಿರೋಧ. ಹರಿಯಾಣಕ್ಕೆ ಅಲ್ಲಿ ಒಂದು ಅಂಗುಲ ಸ್ವಂತ ನೆಲ ಸಿಕ್ಕರೂ ಊರಿನ ಮೇಲಿನ ತಮ್ಮ ಹಕ್ಕು ಸಡಿಲವಾಗುತ್ತದೆ ಎಂಬ ಭಯ.

ಸಚಿವಾಲಯವೂ ಹಾಗೆಯೇ. ಸುಮಾರು 254 ಮೀಟರ್ ಉದ್ದದ ಒಂದೇ ಕಟ್ಟಡದಲ್ಲಿ ಎರಡು ಸರ್ಕಾರಗಳು. ಇಬ್ಬರು ರಾಜ್ಯಪಾಲರ ನಿವಾಸಗಳೂ 6ನೇ ಸೆಕ್ಟರಿನಲ್ಲೇ ಇವೆ. ಹೈಕೋರ್ಟ್ ಮಾತ್ರ ಹಂಚಿಕೊಂಡಿಲ್ಲ, ಒಂದೇ ಆಗಿ ಉಳಿದಿದೆ. ಪಂಜಾಬ್, ಹರಿಯಾಣ, ಚಂಡೀಗಢ ಮೂರರ ಮೊಕದ್ದಮೆಗಳೂ ಅಲ್ಲಿಗೇ ಬರುತ್ತವೆ. ನನ್ನ ಅನುಭವದಲ್ಲಿ ಜಂಟಿ ಎಂಬ ಮಾತಿಗೆ ತಕ್ಕಂತೆ ನಡೆಯುತ್ತಿರುವ ಸಂಸ್ಥೆ ಅದೊಂದೇ.

ಕಡತಪ್ರಿಯ
ವಿಮಾನ ನಿಲ್ದಾಣವನ್ನು ಮರೆತಿರಿ ಸರ್. ಓಡುದಾರಿ ಚಂಡೀಗಢದಲ್ಲಿ, ಹೊಸ ಟರ್ಮಿನಲ್ ಮೊಹಾಲಿಯ ನೆಲದಲ್ಲಿ. ಕಂಪನಿಯಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ 51ರ ಪಾಲು, ಉಳಿದ 49ರಲ್ಲಿ ಎರಡು ರಾಜ್ಯಗಳಿಗೆ ಸರಿಸಮ ಇಪ್ಪತ್ನಾಲ್ಕೂವರೆ. ಇಲ್ಲಿ 60:40 ಇಲ್ಲ, ಇದನ್ನು ಈ ಬಾರಿ ಪರಿಶೀಲಿಸಿಯೇ ಬರೆಯುತ್ತಿದ್ದೇನೆ. ಟರ್ಮಿನಲ್ 2015ರಲ್ಲಿ ಶುರುವಾದರೂ ಹೆಸರಿಗೆ ಏಳು ವರ್ಷ ಹಿಡಿಯಿತು. ಭಗತ್ ಸಿಂಗರ ಹೆಸರು ಇಡಲು ಇಬ್ಬರದೂ ಒಪ್ಪಿಗೆಯಿತ್ತು, ಹೆಸರಿನ ಪಕ್ಕ ಮೊಹಾಲಿ ಎಂದು ಬರೆಯಬೇಕೋ ಪಂಚಕುಲಾ ಎಂದೂ ಸೇರಿಸಬೇಕೋ ಎಂಬುದೇ ಜಗಳ. ಕೊನೆಗೆ 2022ರ ಸೆಪ್ಟೆಂಬರಿನಲ್ಲಿ ‘ಚಂಡೀಗಢ’ ಎಂದಷ್ಟೇ ಉಳಿಸಿ ನಾಮಕರಣ ಮಾಡಿದರು.

ವಾಯುನೆಲೆ
ಇಷ್ಟೆಲ್ಲ ಓದಿದ ಮೇಲೆ ನನಗೆ ಕಾಡುವುದು ಅಲ್ಲಿ ಹುಟ್ಟಿ ಬೆಳೆದ ಜನರ ವಿಷಯ. ನಮ್ಮ ಮನೆಗೆ ಹಾಲು ತರುತ್ತಿದ್ದ ಹಿರಿಯರು ಚುನಾವಣೆಯ ದಿನ ಹೇಳುತ್ತಿದ್ದರು, ನಮಗೆ ಒಂದೇ ಮತ, ದೆಹಲಿಗೆ ಹೋಗುವ ಮತ ಎಂದು. ಅದು ನಿಜವೇ?

ಉತ್ತರಮುಖಿ
ನಿಜ. ಲೋಕಸಭೆಗೆ ಒಬ್ಬ ಸದಸ್ಯ. ಎರಡು ವಿಧಾನಸಭೆಗಳು ಕೂರುವ ಊರಿನ ಜನರಿಗೆ ಆ ಎರಡರಲ್ಲಿ ಒಂದಕ್ಕೂ ಮತ ಹಾಕುವ ಹಕ್ಕಿಲ್ಲ. ಅವರಿಗೆಂದು ಮೂರನೆಯದೂ ಇಲ್ಲ. 2011ರ ಜನಗಣತಿಯಲ್ಲೇ ಹತ್ತೂವರೆ ಲಕ್ಷ ಜನ. ಅವರಿಗೆ ಬೇಕಾದ ಕಾನೂನನ್ನು ಸಂಸತ್ತು ಮಾಡಬೇಕು, ಇಲ್ಲವೇ 1966ರ ಕಾಯ್ದೆಯ 87ನೇ ಕಲಮಿನಡಿ ಕೇಂದ್ರವು ಬೇರೆ ಯಾವುದೋ ರಾಜ್ಯದ ಕಾಯ್ದೆಯನ್ನು ಎರವಲು ತಂದು ಅಧಿಸೂಚನೆಯ ಮೂಲಕ ಅನ್ವಯಿಸಬೇಕು. ನಗರದ ಸರ್ಕಾರಿ ನೌಕರರು 2022ರ ಮಾರ್ಚ್‌ವರೆಗೆ ಪಂಜಾಬಿನ ಸೇವಾ ನಿಯಮಗಳಡಿ ಇದ್ದರು. ಏಪ್ರಿಲ್ 1ರಿಂದ ಕೇಂದ್ರದ ನಿಯಮಗಳು ಬಂದವು, ನಿವೃತ್ತಿ ವಯಸ್ಸು 58ರಿಂದ 60ಕ್ಕೆ ಏರಿತು. ನೌಕರರಿಗೆ ಸಂತೋಷವಾಯಿತು. ಅದೇ ದಿನ ಪಂಜಾಬ್ ವಿಧಾನಸಭೆ, ಚಂಡೀಗಢವನ್ನು ನಮಗೆ ಕೊಡಿ ಎಂದು ನಿರ್ಣಯ ಮಾಡಿತು. ನಾಲ್ಕು ದಿನ ಬಿಟ್ಟು ಹರಿಯಾಣದ ಸಭೆ ಎದುರು ನಿರ್ಣಯ ಮಾಡಿತು. ಅದೇ ವಾರ ಚಂಡೀಗಢದ ಪಾಲಿಕೆಯೂ, ನಮ್ಮನ್ನು ಕೇಂದ್ರಾಡಳಿತದಲ್ಲೇ ಇಡಿ, ನಮ್ಮದೇ ವಿಧಾನಸಭೆ ಕೊಡಿ ಎಂದಿತು. ಆ ಮೂರನೆಯ ದನಿ ಯಾರ ಕಿವಿಗೂ ಬೀಳಲಿಲ್ಲ.

ಬೀದಿದೀಪದ ಪ್ರಶ್ನೆಗೆ ಉತ್ತರ ಬಾಕಿ ಇತ್ತು. ಅದು ಪಾಲಿಕೆಯ ಕೆಲಸ. ನೀರು, ಕಸ, ಒಳರಸ್ತೆ, ಉದ್ಯಾನ ಎಲ್ಲವೂ ಅವರದೇ. ಪಾಲಿಕೆ ಬಂದದ್ದೇ 1994ರಲ್ಲಿ. 35 ಚುನಾಯಿತ ಸದಸ್ಯರು, 9 ನಾಮನಿರ್ದೇಶಿತರು. ಮೇಯರ್ ಅವಧಿ ಒಂದೇ ವರ್ಷ. ಪೊಲೀಸ್, ನಿವೇಶನ, ದೊಡ್ಡ ಆಸ್ಪತ್ರೆ ಯಾವುದೂ ಅವರ ಕೈಯಲ್ಲಿಲ್ಲ. ಅಂಥ ಸಣ್ಣ ಅಧಿಕಾರದ ಚುನಾವಣೆಯಲ್ಲೂ 2024ರ ಜನವರಿಯಲ್ಲಿ ಚುನಾವಣಾಧಿಕಾರಿ ಎಂಟು ಮತಪತ್ರಗಳಿಗೆ ಗೀಟು ಹಾಕಿ ಅಸಿಂಧು ಮಾಡಿದರು. ಫೆಬ್ರುವರಿ 20ರಂದು ಸುಪ್ರೀಂ ಕೋರ್ಟ್ ಆ ಮತಗಳನ್ನು ಸಿಂಧು ಎಂದು ಎಣಿಸಿ, ಸೋತವರೆಂದು ಘೋಷಿಸಲಾಗಿದ್ದವರನ್ನೇ ಮೇಯರ್ ಎಂದು ಸಾರಿತು.

ನೇರಮಾತು
ಹಾಗಿದ್ದರೆ 240ನೇ ವಿಧಿಗೆ ಸೇರಿಸಿದರೆ ಆ ಜನರಿಗೆ ಒಳ್ಳೆಯದೇ ಆಗುತ್ತಿತ್ತಲ್ಲವೇ? ಕಾನೂನು ಬೇಗ ಬರುತ್ತಿತ್ತು.

ಉತ್ತರಮುಖಿ
ಬೇಗ ಬರುತ್ತಿತ್ತು, ಆದರೆ ಯಾರಿಂದ? 240ನೇ ವಿಧಿಯಡಿ ರಾಷ್ಟ್ರಪತಿ ನೇರವಾಗಿ ನಿಯಮ ರೂಪಿಸಬಹುದು, ಸಂಸತ್ತಿನ ಕಾಯ್ದೆಗೆ ಸಮ. ಅಂದರೆ ಕೇಂದ್ರ ಸರ್ಕಾರವೇ. ಅಲ್ಲಿನ ಮತದಾರನ ಕೈಗೆ ಹೊಸದಾಗಿ ಏನೂ ಬರುವುದಿಲ್ಲ. ಪಂಜಾಬಿನ ಆತಂಕ ಬೇರೆ: ಹೀಗೆ ಮಾಡಿದರೆ ನಾಳೆ ಪ್ರತ್ಯೇಕ ಆಡಳಿತಾಧಿಕಾರಿ ಬರುತ್ತಾರೆ, ತಮ್ಮ ರಾಜ್ಯಪಾಲರ ನಂಟೂ ಕಡಿಯುತ್ತದೆ ಎಂದು. 2016ರ ಆಗಸ್ಟ್‌ನಲ್ಲಿ ಮಾಜಿ ಐಎಎಸ್ ಅಧಿಕಾರಿ ಕೆ. ಜೆ. ಅಲ್ಫೋನ್ಸ್ ಅವರನ್ನು ಪ್ರತ್ಯೇಕ ಆಡಳಿತಾಧಿಕಾರಿಯಾಗಿ ನೇಮಿಸಲು ಹೊರಟು, ಆಗ ಪಂಜಾಬಿನ ಮುಖ್ಯಮಂತ್ರಿಯಾಗಿದ್ದ ಪ್ರಕಾಶ್ ಸಿಂಗ್ ಬಾದಲ್ ಅವರು ವಿರೋಧಿಸಿದ ಮೇಲೆ ಕೈಬಿಟ್ಟದ್ದನ್ನು ಅವರು ಮರೆತಿಲ್ಲ. ಈ ಸಲವೂ ಗೃಹ ಸಚಿವಾಲಯ, ಚಳಿಗಾಲದ ಅಧಿವೇಶನದಲ್ಲಿ ಅಂಥ ಮಸೂದೆ ತರುವ ಉದ್ದೇಶವಿಲ್ಲ ಎಂದು ಸ್ಪಷ್ಟನೆ ಕೊಟ್ಟಿತು.

ನೇರಮಾತು
ನಾನು ಇನ್ನೂ ಪಂಜಾಬಿಗೇ ಕೊಡಬೇಕು ಎನ್ನುವವನು. ಆಗ ಕನಿಷ್ಠ ಆ ಜನ ಒಂದು ವಿಧಾನಸಭೆಗೆ ಮತ ಹಾಕುತ್ತಾರೆ.

ವಾಯುನೆಲೆ
ಅವರನ್ನು ಕೇಳಿದಿರಾ? ನಮ್ಮ ಬೀದಿಯಲ್ಲಿ ಹಿಂದಿ ಮಾತನಾಡುವವರೇ ಹೆಚ್ಚು ಇದ್ದರು. ಪಂಜಾಬಿಗೆ ಹೋಗುವುದು ಬೇಡ, ಹರಿಯಾಣಕ್ಕೂ ಬೇಡ, ಹೀಗೇ ಇರಲಿ ಎನ್ನುತ್ತಿದ್ದವರೇ ಬಹಳ ಜನ.

ತುಂಗಾತೀರ
ನಾನು ಕೇಳಿದ್ದು ಯಾರು ನಡೆಸುತ್ತಾರೆ ಎಂದು. ಅದಕ್ಕೆ ಉತ್ತರ ಸಿಕ್ಕಿತು, ಎಲ್ಲರಿಗೂ ಧನ್ಯವಾದ. ಉತ್ತರಮುಖಿ ಸರ್, ಕೊನೆಯದೊಂದು. ಹೈದರಾಬಾದಿಗೆ ಹತ್ತು ವರ್ಷ ಎಂದು ಗಡುವು ಬರೆದವರು ಚಂಡೀಗಢದ ಅನುಭವ ನೋಡಿಯೇ ಬರೆದರೆ?

ಉತ್ತರಮುಖಿ
ಅದನ್ನು ಬರೆದವರೇ ಹೇಳಬೇಕು, ನಾನು ಊಹಿಸಲಾರೆ. 1970ರ ಘೋಷಣೆಯಲ್ಲೂ ಗಡುವು ಇತ್ತು ಎಂಬುದನ್ನು ಮಾತ್ರ ಹೇಳಬಲ್ಲೆ. ಹರಿಯಾಣ ತನ್ನ ರಾಜಧಾನಿ ಕಟ್ಟಿಕೊಳ್ಳುವ ತನಕ ಐದು ವರ್ಷ ಚಂಡೀಗಢದ ಕಚೇರಿ ಮತ್ತು ವಸತಿಗಳನ್ನು ಬಳಸಬಹುದು ಎಂದಿತ್ತು. ಆ ಗಡುವಿನ ಹಿಂದೆ ಕಾಯ್ದೆ ಇರಲಿಲ್ಲ, ಪಿರಮಿಡ್ಡಿನ ಕೆಳಗಿನ ಸಭಾಂಗಣದಲ್ಲಿ ಹರಿಯಾಣದ ಶಾಸಕರು ಇಂದಿಗೂ ಕೂರುತ್ತಿದ್ದಾರೆ.